ಬ್ರ್ಯಾಂಡಿನ ‘ನಾವು’ ಪೋಸ್ಟನ್ನು ಸ್ಥಾಪಕರ ‘ನಾನು’ ಮಾಡುವುದು ಹೇಗೆ: ಗಾಂಭೀರ್ಯ ಕೆಡದಂತೆ ಹಂತ ಹಂತವಾಗಿ

ಸಣ್ಣ ಉದ್ಯಮಗಳ ಪೋಸ್ಟ್‌ಗಳನ್ನು ತಿದ್ದಿಕೊಡುವುದು ನನ್ನ ಕೆಲಸ. ಈಚೆಗೆ ನನ್ನ ಬಳಿ ಬರುವ ಕರಡುಗಳಲ್ಲಿ ಒಂದೇ ತಪ್ಪು ಮತ್ತೆ ಮತ್ತೆ ಕಾಣುತ್ತಿದೆ. ಕಂಪನಿಯ ಪುಟಕ್ಕೆ ಬರೆದ ಪೋಸ್ಟನ್ನು ಸ್ಥಾಪಕರ ಹೆಸರಿನಲ್ಲಿ ಹಾಕಬೇಕು ಎಂದಾಗ, ಬರೆಯುವವರು ‘ನಾವು’ ಇದ್ದಲ್ಲೆಲ್ಲ ‘ನಾನು’ ಎಂದು ಬದಲಾಯಿಸಿ ಕಳಿಸಿಬಿಡುತ್ತಾರೆ. ಓದಿದರೆ ಒಂದೋ ಜಂಬದ ಮಾತಿನಂತೆ ಕೇಳುತ್ತದೆ, ಇಲ್ಲವೇ ಕಚೇರಿಯ ಸುತ್ತೋಲೆಗೆ ಯಾರೋ ಸಹಿ ಹಾಕಿದಂತಿರುತ್ತದೆ.

ಪದ ಬದಲಾಯಿಸುವುದು ಈ ಕೆಲಸದ ಕೊನೆಯ ಭಾಗ. ಅದಕ್ಕೂ ಮೊದಲು, ಪೋಸ್ಟಿನಲ್ಲಿರುವ ಒಂದೊಂದು ‘ನಾವು’ ಯಾರನ್ನು ಹೇಳುತ್ತಿದೆ ಎಂದು ವಿಂಗಡಿಸಬೇಕು. ವಿಂಗಡಿಸಿ ನೋಡಿದರೆ ನಿಜವಾಗಿ ‘ನಾನು’ ಆಗಬೇಕಾದವು ಕೆಲವೇ ಕೆಲವು. ಉಳಿದವು ‘ನಾವು’ ಆಗಿಯೇ ಉಳಿಯುತ್ತವೆ, ‘ಕಂಪನಿ’ ಆಗುತ್ತವೆ ಅಥವಾ ಇಲ್ಲವಾಗುತ್ತವೆ.

## ಬೇಕಾಗುವ ಸಾಮಾನು, ಮತ್ತು ನಾವು ತಿದ್ದಲಿರುವ ಪೋಸ್ಟ್

ಮೂಲ ಪೋಸ್ಟಿನ ಪ್ರತಿ, ನಾಲ್ಕು ಬಣ್ಣದ ಹೈಲೈಟರ್ (ಗೂಗಲ್ ಡಾಕ್ಸ್‌ನಲ್ಲಿರುವ ಬಣ್ಣಗಳೇ ಸಾಕು), ಸ್ಥಾಪಕರ ಜೊತೆ ಇಪ್ಪತ್ತು ನಿಮಿಷದ ಫೋನ್ ಮಾತು, ಅವರು ಒಪ್ಪಿದರೆ ಅದರ ರೆಕಾರ್ಡಿಂಗ್. ಇಷ್ಟಿದ್ದರೆ ಸಾಕು. ಫೋನ್ ಮಾತು ಸಿಗದಿದ್ದರೆ ಕೆಲಸ ಶುರು ಮಾಡಬೇಡಿ. ಏಕೆಂಬುದು ನಾಲ್ಕನೇ ಹಂತದಲ್ಲಿ ತಿಳಿಯುತ್ತದೆ.

ಅಭ್ಯಾಸಕ್ಕಾಗಿ ಒಂದು ಪೋಸ್ಟ್ ಕಟ್ಟಿಕೊಳ್ಳೋಣ. ಚಿತ್ರದುರ್ಗದ ಕಡೆ ಗಾಣದ ಶೇಂಗಾ ಎಣ್ಣೆ ತೆಗೆದು ಆನ್‌ಲೈನ್‌ನಲ್ಲೂ ಕೆಲವು ಅಂಗಡಿಗಳಲ್ಲೂ ಮಾರುವ ಒಂದು ಪುಟ್ಟ ಪ್ರೈವೇಟ್ ಲಿಮಿಟೆಡ್ ಕಂಪನಿ ಇದೆ ಎಂದುಕೊಳ್ಳಿ. ಅದನ್ನು ಶುರು ಮಾಡಿದವರು ಒಬ್ಬ ಮಹಿಳೆ. ಬೇಸಿಗೆಯಲ್ಲಿ ಕೆಲವು ಬಾಟಲಿಗಳು ದಾರಿಯಲ್ಲೇ ಸೋರಿವೆ. ಕಂಪನಿಯ ಪುಟದಲ್ಲಿ ಹೀಗೆ ಬರೆದಿದ್ದಾರೆ:

> ಮಾನ್ಯ ಗ್ರಾಹಕರೇ, ಇತ್ತೀಚೆಗೆ ರವಾನಿಸಲಾದ ಕೆಲವು ಬಾಟಲಿಗಳಲ್ಲಿ ಸೋರಿಕೆ ಉಂಟಾಗಿರುವುದು ನಮ್ಮ ಗಮನಕ್ಕೆ ಬಂದಿದೆ. ನಾವು ಗುಣಮಟ್ಟಕ್ಕೆ ಸದಾ ಆದ್ಯತೆ ನೀಡುತ್ತೇವೆ. ಈ ಕುರಿತು ಪರಿಶೀಲನೆ ನಡೆಸಲಾಗಿದ್ದು, ಅಗತ್ಯ ಕ್ರಮ ಕೈಗೊಳ್ಳಲಾಗಿದೆ. ನಾವು ಹೊಸ ಮಾದರಿಯ ಬಾಟಲಿಗಳನ್ನು ಪರಿಚಯಿಸಿದ್ದೇವೆ. ಸೋರಿಕೆಯಾದ ಬಾಟಲಿಗಳನ್ನು ನಾವು ಬದಲಾಯಿಸಿಕೊಡುತ್ತೇವೆ. ನಾವೆಲ್ಲರೂ ಶುದ್ಧ ಎಣ್ಣೆಯನ್ನೇ ಬಳಸೋಣ. ಉಂಟಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ.

## ಹಂತ 1: ಈ ಪೋಸ್ಟ್ ಯಾರ ಖಾತೆಗೆ, ಯಾವ ಬಗೆಯ ಉದ್ಯಮಕ್ಕೆ?

ಲಿಂಕ್ಡ್‌ಇನ್ ಆಗಲಿ ಇನ್‌ಸ್ಟಾಗ್ರಾಂ ಆಗಲಿ, ‘ನಾನು’ ಎಂದು ಬರೆದದ್ದು ಸ್ಥಾಪಕರ ಸ್ವಂತ ಖಾತೆಯಲ್ಲಿ ಬಂದರೆ ಓದುಗರಿಗೆ ಗೊಂದಲವಿಲ್ಲ. ಅಲ್ಲಿ ಮುಖವೂ ಹೆಸರೂ ಮೇಲೆಯೇ ಕಾಣುತ್ತವೆ. ಅದೇ ಬರಹವನ್ನು ಕಂಪನಿಯ ಪುಟದಲ್ಲಿ ಹಾಕಿದರೆ ಲೋಗೊ ಮಾತಾಡಿದಂತಾಗುತ್ತದೆ. ಕಂಪನಿಯ ಪುಟದಲ್ಲೇ ಹಾಕಬೇಕಾಗಿ ಬಂದರೆ ಮೊದಲ ಸಾಲಿನಲ್ಲೇ ಯಾರು ಬರೆಯುತ್ತಿದ್ದಾರೆಂದು ಹೆಸರು, ಹುದ್ದೆ ಸಮೇತ ಹೇಳಿ. ಸಹಿಯನ್ನು ಕೊನೆಗೆ ಇಟ್ಟರೆ ಆಗದು. ಉದ್ದದ ಪೋಸ್ಟಿನಲ್ಲಿ ಮೊದಲ ಕೆಲವು ಸಾಲು ಮಾತ್ರ ಕಾಣುತ್ತವೆ, ಉಳಿದದ್ದನ್ನು ಒತ್ತಿ ತೆರೆಯಬೇಕು.

ಎರಡನೆಯದು ಉದ್ಯಮದ ಬಗೆ. ಒಬ್ಬರೇ ಮಾಲೀಕರಿರುವ ಪ್ರೊಪ್ರೈಟರ್‌ಶಿಪ್‌ನಲ್ಲಿ ಕಾನೂನಿನ ಕಣ್ಣಿಗೆ ಮಾಲೀಕರೂ ವ್ಯವಹಾರವೂ ಒಂದೇ. ಅಲ್ಲಿ ‘ನಾನು ಹಣ ವಾಪಸ್ ಕೊಡುತ್ತೇನೆ’ ಎಂದರೆ ಅಕ್ಷರಶಃ ನಿಜ. ಪ್ರೈವೇಟ್ ಲಿಮಿಟೆಡ್ ಕಂಪನಿ ಹಾಗಲ್ಲ, ಅದು ಸ್ಥಾಪಕರಿಂದ ಬೇರೆಯಾದ ಕಾನೂನಿನ ವ್ಯಕ್ತಿ. ಸೀಮಿತ ಹೊಣೆಯ ಪಾಲುದಾರಿಕೆ, ಅಂದರೆ ಎಲ್‌ಎಲ್‌ಪಿ ಕೂಡ ಹಾಗೆಯೇ. ಅಲ್ಲಿ ಹಣ ವಾಪಸ್ ಕೊಡುವುದು ಕಂಪನಿ, ಮಾತು ಕೊಡುವುದೂ ಕಂಪನಿ. ಸಾಮಾನ್ಯ ಪಾಲುದಾರಿಕೆಯಾದರೆ ಇನ್ನೊಂದು ತೊಡಕಿದೆ. ಒಬ್ಬರು ‘ನಾನು ತೀರ್ಮಾನಿಸಿದೆ’ ಎಂದು ಬರೆದರೆ ಉಳಿದ ಪಾಲುದಾರರ ಮನೆಯಲ್ಲಿ ಆ ಸಂಜೆ ಮಾತು ಏಳುತ್ತದೆ. ಬರೆಯುವ ಮುನ್ನವೇ ಅವರನ್ನು ಕೇಳಿರಬೇಕು.

## ಹಂತ 2: ಕಾಣುವ ‘ನಾವು’, ಅಡಗಿದ ‘ನಾವು’ ಎರಡನ್ನೂ ಹುಡುಕಿ

ಕನ್ನಡದಲ್ಲಿ ಕರ್ತೃಪದ ಬಿಟ್ಟು ಬರೆಯುವುದು ಸಹಜ. ‘ವಿಷಾದಿಸುತ್ತೇವೆ’ ಎಂಬಲ್ಲಿ ‘ನಾವು’ ಎಂಬ ಪದವಿಲ್ಲ, ಕ್ರಿಯಾಪದದ ಬಾಲದಲ್ಲಿದೆ. ಇನ್ನು ‘ಕ್ರಮ ಕೈಗೊಳ್ಳಲಾಗಿದೆ’ ಎಂಬಲ್ಲಿ ಬಾಲದಲ್ಲೂ ಇಲ್ಲ. ಅಲ್ಲಿ ಮಾಡಿದವರು ಪೂರ್ತಿ ಮರೆಯಾಗಿದ್ದಾರೆ. ಬ್ರ್ಯಾಂಡಿನ ಧ್ವನಿ ಅಷ್ಟು ದೂರದಿಂದ ಬಂದಂತೆ ಕೇಳಲು ‘ನಾವು’ಗಿಂತ ಹೆಚ್ಚು ಕಾರಣ ಈ ‘-ಲಾಗಿದೆ’.

ಆದ್ದರಿಂದ ಕಂಟ್ರೋಲ್ ಮತ್ತು ಎಫ್ ಕೀಲಿ ಒತ್ತಿ ಇವನ್ನು ಒಂದೊಂದಾಗಿ ಹುಡುಕಿ:

```
ನಾವು
ನಮ್ಮ
ನಮಗೆ
ತ್ತೇವೆ
ದ್ದೇವೆ
ದೆವು
ಲಾಗಿದೆ
ಲಾಗುತ್ತ
ಲಾಯಿತು
```

‘ಸಂಸ್ಥೆಯು’, ‘ಕಂಪನಿಯು’ ಎಂಬವನ್ನೂ ನೋಡಿ. ‘ನಾವೆಲ್ಲರೂ’, ‘ನಡೆಸಲಾಗಿದ್ದು’, ‘ರವಾನಿಸಲಾದ’ ಮುಂತಾದ ರೂಪಗಳು ಈ ಪಟ್ಟಿಯಿಂದಲೂ ತಪ್ಪಿಸಿಕೊಳ್ಳುತ್ತವೆ, ಅವಕ್ಕಾಗಿ ಒಮ್ಮೆ ಕಣ್ಣಿಟ್ಟು ಓದಲೇಬೇಕು. ಸಿಕ್ಕಿದ್ದಕ್ಕೆಲ್ಲ ಗೆರೆ ಎಳೆಯಿರಿ. ಇನ್ನೂ ಏನನ್ನೂ ಬದಲಾಯಿಸಬೇಡಿ.

ಇಲ್ಲಿ ಆಗುವ ತಪ್ಪು: ‘ಎಲ್ಲವನ್ನೂ ಬದಲಾಯಿಸು’ ಗುಂಡಿ ಒತ್ತುವುದು. ‘ನಾನು ಬದಲಾಯಿಸಿಕೊಡುತ್ತೇವೆ’ ಎಂಬಂಥ ವಾಕ್ಯ ಹುಟ್ಟುವುದು ಇದರಿಂದಲೇ. ‘ನಮ್ಮೂರು’ ಹೋಗಿ ‘ನನ್ನೂರು’ ಆಗುವುದೂ ಹೀಗೆಯೇ.

## ಹಂತ 3: ನಾಲ್ಕು ಬಣ್ಣಗಳಲ್ಲಿ ವಿಂಗಡಿಸಿ

ಇಡೀ ಕೆಲಸದ ಬೆನ್ನೆಲುಬು ಈ ಹಂತ. ಗೆರೆ ಎಳೆದ ಪ್ರತಿಯೊಂದರ ಮುಂದೆ ನಿಂತು ‘ಯಾರು?’ ಎಂದು ಕೇಳಿ. ಉತ್ತರ ಸಾಮಾನ್ಯವಾಗಿ ನಾಲ್ಕರಲ್ಲಿ ಒಂದಾಗಿರುತ್ತದೆ.

ಕೆಂಪು, ಸ್ಥಾಪಕರೊಬ್ಬರೇ. ಅವರು ತಾವೇ ಕಂಡದ್ದು, ತಾವೇ ತೀರ್ಮಾನಿಸಿದ್ದು, ತಾವೇ ಹೊರಬೇಕಾದ ಹೊಣೆ. ನಮ್ಮ ಪೋಸ್ಟಿನಲ್ಲಿ ಹೊಸ ಬಾಟಲಿಯ ಆಯ್ಕೆ ಮತ್ತು ಕೊನೆಯ ಕ್ಷಮೆ ಈ ಬಣ್ಣದವು.

ಹಸಿರು, ಜೊತೆಗೆ ಕೆಲಸ ಮಾಡುವವರು. ಪರಿಶೀಲನೆ ನಡೆಸಿದ್ದು, ಪ್ಯಾಕ್ ಮಾಡಿದ್ದು, ಕಳಿಸಿದ್ದು. ಇದು ‘ನಾವು’ ಆಗಿಯೇ ಉಳಿಯಬೇಕು, ಇಲ್ಲವೇ ‘ಪ್ಯಾಕಿಂಗ್ ತಂಡ’ ಎಂದು ಇನ್ನಷ್ಟು ಸ್ಪಷ್ಟವಾಗಬೇಕು. ಈ ಪಾಠವನ್ನು ನಾನು ತಪ್ಪು ಮಾಡಿಯೇ ಕಲಿತೆ. ಹಿಂದೊಮ್ಮೆ ಒಂದು ಉದ್ಯಮದ ಪೋಸ್ಟಿನಲ್ಲಿ ಯಂತ್ರ ಸುಧಾರಿಸಿದ ಕೆಲಸವನ್ನೂ ‘ನಾನು’ ಎಂದು ತಿದ್ದಿಬಿಟ್ಟೆ. ಎರಡು ತಿಂಗಳು ಅದರ ಮುಂದೆ ಕೂತು ಆ ಕೆಲಸ ಮಾಡಿದ ಫಿಟ್ಟರ್ ಪೋಸ್ಟ್ ಓದಿ ಬಹಳ ನೊಂದುಕೊಂಡರು. ಪೋಸ್ಟ್ ಅಳಿಸಬಹುದಿತ್ತು, ಅಳಿಸಿದೆವು. ನೋವು ಹಾಗೇ ಉಳಿಯಿತು.

ನೀಲಿ, ಕಾನೂನಿನ ಕಂಪನಿ. ಹಣ ವಾಪಸ್, ಬದಲಿ ವಸ್ತು, ಖಾತರಿ, ಬೆಲೆ, ನೇಮಕಾತಿ. ‘ಬದಲಾಯಿಸಿಕೊಡುತ್ತೇವೆ’ ಎಂಬುದು ಈ ಬಣ್ಣದ್ದು. ಇದನ್ನು ‘ಕಂಪನಿ’ ಎಂದೇ ಬರೆಯಿರಿ. ಸ್ಥಾಪಕರು ನಾಳೆ ರಜೆಯಲ್ಲಿದ್ದರೂ ಗ್ರಾಹಕರಿಗೆ ಹಣ ಬರಬೇಕು. ‘ನಾನು ಕೊಡುತ್ತೇನೆ’ ಎಂದು ಬರೆದರೆ ಜನ ಸ್ಥಾಪಕರ ಸ್ವಂತ ನಂಬರಿಗೆ ಮೆಸೇಜ್ ಹಾಕುತ್ತಾರೆ, ಆ ಮೆಸೇಜ್‌ಗಳು ಯಾವ ದಾಖಲೆಗೂ ಸೇರದೆ ಕಳೆದುಹೋಗುತ್ತವೆ.

ಹಳದಿ, ಓದುಗರನ್ನೂ ಸೇರಿಸಿಕೊಂಡ ನಾವು. ‘ನಾವೆಲ್ಲರೂ ಶುದ್ಧ ಎಣ್ಣೆಯನ್ನೇ ಬಳಸೋಣ’. ತೆಲುಗಿನಲ್ಲಿ ಕೇಳುವವರನ್ನು ಸೇರಿಸಿ ಹೇಳಲು ‘ಮನಂ’, ಬಿಟ್ಟು ಹೇಳಲು ‘ಮೇಮು’ ಎಂದು ಎರಡು ಪದಗಳಿವೆ. ಇಂದಿನ ಕನ್ನಡದಲ್ಲಿ ಎರಡಕ್ಕೂ ‘ನಾವು’ ಒಂದೇ. ಹಾಗಾಗಿ ಕನ್ನಡದ ಓದುಗರು ಪ್ರತಿ ‘ನಾವು’ ಕಂಡಾಗಲೂ ಇದರಲ್ಲಿ ನಾನೂ ಇದ್ದೇನೆಯೇ ಎಂದು ಸಂದರ್ಭ ನೋಡಿಯೇ ತಿಳಿಯಬೇಕು. ಒಂದೇ ಪ್ಯಾರಾದಲ್ಲಿ ಹಸಿರು ‘ನಾವು’, ಹಳದಿ ‘ನಾವು’ ಎರಡೂ ಬಂದರೆ ಅರ್ಥ ಕಲಸಿಹೋಗುತ್ತದೆ. ಹಳದಿ ಬಣ್ಣದ್ದನ್ನು ಸಾಮಾನ್ಯವಾಗಿ ನಾನು ತೆಗೆದೇಬಿಡುತ್ತೇನೆ. ಬೇಕೇ ಇದ್ದರೆ ‘ನೀವು’ ಎಂದು ನೇರವಾಗಿ ಮಾತಾಡಿಸುತ್ತೇನೆ.

ಯಾವ ಬಣ್ಣಕ್ಕೂ ಸೇರದ ಒಂದು ವಾಕ್ಯ ನಮ್ಮ ಪೋಸ್ಟಿನಲ್ಲಿ ಉಳಿಯಿತು: ‘ನಾವು ಗುಣಮಟ್ಟಕ್ಕೆ ಸದಾ ಆದ್ಯತೆ ನೀಡುತ್ತೇವೆ’. ಯಾರು, ಯಾವಾಗ, ಏನು ಮಾಡಿದರು ಎಂಬುದಕ್ಕೆ ಇಲ್ಲಿ ಉತ್ತರವಿಲ್ಲ. ಇಂಥದ್ದನ್ನು ‘ನಾನು ಸದಾ ಆದ್ಯತೆ ನೀಡುತ್ತೇನೆ’ ಎಂದು ಮಾಡಿದರೆ ಇನ್ನೂ ಕೆಡುತ್ತದೆ. ಬಾಟಲಿ ಸೋರಿ ಅಡುಗೆಮನೆ ಎಣ್ಣೆಯಾದವರು ಅದನ್ನು ಓದುವಾಗ ಏನು ಅಂದುಕೊಂಡಾರು? ಹೊಡೆದು ಹಾಕಿ.

ಎಚ್ಚರಿಕೆಯ ಗುರುತು: ಅರ್ಧಕ್ಕಿಂತ ಹೆಚ್ಚು ಗೆರೆಗಳು ನೀಲಿ ಬಣ್ಣಕ್ಕೆ ಬಂದರೆ, ಆ ಪೋಸ್ಟ್ ಸ್ಥಾಪಕರ ಧ್ವನಿಗೆ ತಕ್ಕದ್ದಲ್ಲ. ಹಣ ವಾಪಸಾತಿಯ ನಿಯಮ, ರಜಾ ದಿನಗಳ ಸೂಚನೆ, ಉದ್ಯೋಗದ ಕರೆ ಇವೆಲ್ಲ ಕಂಪನಿಯ ಮಾತಾಗಿ ಇದ್ದರೇ ಚೆಂದ.

## ಹಂತ 4: ಸ್ಥಾಪಕರಿಗೆ ಫೋನ್ ಮಾಡಿ

ಕೆಂಪು ಗೆರೆಗಳನ್ನು ಮುಂದಿಟ್ಟುಕೊಂಡು ಕರೆ ಮಾಡಿ. ಬ್ರ್ಯಾಂಡ್ ಪೋಸ್ಟಿನಲ್ಲಿ ‘ಗಮನಕ್ಕೆ ಬಂದಿದೆ’ ಎಂದಷ್ಟೇ ಇರುತ್ತದೆ. ಸ್ಥಾಪಕರ ಪೋಸ್ಟಿಗೆ ಎಂದು, ಹೇಗೆ ಗಮನಕ್ಕೆ ಬಂತು ಎಂಬುದು ಬೇಕು. ಅದನ್ನು ನೀವು ಊಹಿಸಿ ಬರೆಯುವಂತಿಲ್ಲ. ಬೇರೆಯವರ ಬಾಯಲ್ಲಿ ‘ನಾನು ಕಂಡೆ’ ಎಂದು ಹಾಕುವಾಗ ಅವರು ನಿಜಕ್ಕೂ ಕಂಡಿರಬೇಕು.

ನಾನು ಕೇಳುವುದು ಐದೇ ಪ್ರಶ್ನೆ. ನಿಮಗೆ ಮೊದಲು ಗೊತ್ತಾದದ್ದು ಯಾವಾಗ, ಯಾರಿಂದ? ಆಗ ನೀವು ಏನು ನೋಡಿದಿರಿ? ಕಾರಣ ಏನೆಂದು ತಿಳಿಯಿತು, ತಿಳಿದುಕೊಂಡವರು ಯಾರು? ಇದರಲ್ಲಿ ನಿಮ್ಮದೇ ತೀರ್ಮಾನ ಯಾವುದು? ಇನ್ನೂ ಸರಿಹೋಗದೆ ಇರುವುದು ಏನು?

ಮೊದಲ ಉತ್ತರ ಬಹುತೇಕ ಸುತ್ತೋಲೆಯ ಭಾಷೆಯಲ್ಲೇ ಬರುತ್ತದೆ. ಬಿಡಿಸಿ ಕೇಳಬೇಕು. ನಮ್ಮ ಉದಾಹರಣೆಯಲ್ಲಿ ಮಾತು ಹೀಗೆ ಸಾಗಬಹುದು:

“ಮೇಡಂ, ಸೋರಿಕೆ ಯಾಕಾಯ್ತು ಅಂತ ಗೊತ್ತಾಯ್ತಾ?”

“ಪ್ಯಾಕೇಜಿಂಗ್‌ನಲ್ಲಿ ತಾಂತ್ರಿಕ ದೋಷ ಇತ್ತು ಸರ್.”

“ಅಂದ್ರೆ ಏನಾಗಿತ್ತು? ಬಾಟ್ಲಿ ಕೈಯಲ್ಲಿ ಹಿಡಿದಾಗ ಏನು ಕಾಣ್ತು?”

“ಕತ್ತಿನವರೆಗೂ ಎಣ್ಣೆ ತುಂಬಿಬಿಟ್ಟಿದ್ವಿ. ಬೆಳಿಗ್ಗೆ ತಂಪಲ್ಲಿ ತುಂಬ್ತೀವಿ, ಲಾರಿ ಒಳಗೆ ಕಾದು ಹಿಗ್ಗಿತು. ಮೇಲೆ ಜಾಗಾನೇ ಇರ್ಲಿಲ್ಲ, ಸೀಲ್ ಎದ್ದುಬಿಡ್ತು.”

“ಆ ಬಾಟ್ಲಿ ಆರಿಸಿದ್ದು ಯಾರು?”

“...ನಾನೇ. ಡಿಸೆಂಬರ್‌ನಲ್ಲಿ ಟೆಸ್ಟ್ ಮಾಡಿದ್ದು. ಆಗ ಸರಿಯಾಗೇ ಇತ್ತು.”

ಪೋಸ್ಟಿನ ಜೀವ ಈ ಕೊನೆಯ ಉತ್ತರದಲ್ಲಿದೆ. ಹೇಳಿದ ಕಾರಣ ಹೌದೋ ಅಲ್ಲವೋ ಎಂದೂ ಒಮ್ಮೆ ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ಅಡುಗೆ ಎಣ್ಣೆ ಒಂದು ಡಿಗ್ರಿ ಸೆಲ್ಸಿಯಸ್ ಕಾದರೆ ಲೀಟರಿಗೆ ಸುಮಾರು 0.7 ಮಿಲಿಲೀಟರ್ ಹಿಗ್ಗುತ್ತದೆ. 15 ಡಿಗ್ರಿ ಏರಿದರೆ 10 ಮಿಲಿಲೀಟರ್, ಅಂದರೆ ಎರಡು ಟೀ ಚಮಚದಷ್ಟು. ಕತ್ತಿನವರೆಗೆ ತುಂಬಿದ ಬಾಟಲಿಯ ಸೀಲ್ ಎಬ್ಬಿಸಲು ಅಷ್ಟು ಸಾಕು. ಕಾರಣ ಕೂಡಿಬರುತ್ತದೆ, ಬರೆಯಬಹುದು.

## ಹಂತ 5: ಈಗ ವಾಕ್ಯಗಳನ್ನು ತಿರುಗಿಸಿ

ಕೆಂಪು ವಾಕ್ಯಗಳಿಂದ ಶುರು ಮಾಡಿ, ಕ್ರಿಯಾಪದದಿಂದ ಹಿಂದಕ್ಕೆ ಬನ್ನಿ. ‘-ತ್ತೇವೆ’ ಇದ್ದದ್ದು ‘-ತ್ತೇನೆ’ ಆದ ಮೇಲೆ ‘ನಾನು’ ಎಂಬ ಪದವೇ ಬೇಕಿಲ್ಲದಿರಬಹುದು. ‘ಕ್ಷಮೆ ಕೇಳುತ್ತೇನೆ’ ಎಂದರೆ ಯಾರೆಂದು ಸ್ಪಷ್ಟ. ಕನ್ನಡದ ಈ ಅನುಕೂಲವನ್ನು ಬಳಸಿಕೊಂಡರೆ ಪೋಸ್ಟ್ ತುಂಬ ‘ನಾನು, ನಾನು’ ಎಂದು ಕುಟ್ಟುವ ಸದ್ದು ತಪ್ಪುತ್ತದೆ.

ಭೂತಕಾಲದಲ್ಲಿ ಮಾತ್ರ ಒಂದು ಗುಂಡಿ ಇದೆ, ಬಹಳ ಜನ ಬೀಳುತ್ತಾರೆ. ‘ಬಾಟಲಿ ಬದಲಾಯಿಸಿದೆ’ ಎಂಬುದನ್ನು ನೋಡಿ. ‘ನಾನು ಬದಲಾಯಿಸಿದೆ’ ಎಂದೂ ಓದಬಹುದು, ‘ಸಂಸ್ಥೆ ಬದಲಾಯಿಸಿದೆ’ ಎಂದೂ ಓದಬಹುದು. ರೂಪ ಎರಡಕ್ಕೂ ಒಂದೇ. ‘ನಾನು’ ಬಿಟ್ಟು ಬರೆದರೆ, ಅಷ್ಟು ಶ್ರಮಪಟ್ಟು ತಂದ ಸ್ಥಾಪಕರು ಮತ್ತೆ ಮಾಯವಾಗಿ ಪತ್ರಿಕಾ ಪ್ರಕಟಣೆಯ ಧ್ವನಿ ಬಂದುಬಿಡುತ್ತದೆ. ಪರಿಹಾರ ಎರಡು. ಅಂಥ ಕಡೆ ‘ನಾನು’ ಉಳಿಸಿಕೊಳ್ಳಿ, ಇಲ್ಲವೇ ‘ಬದಲಾಯಿಸಿದ್ದೇನೆ’, ‘ಅಂದುಕೊಂಡಿದ್ದೆ’ ಎಂಬ ರೂಪಗಳಿಗೆ ಹೋಗಿ. ಅವನ್ನು ಸಂಸ್ಥೆಯ ಮಾತಾಗಿ ಓದಲು ಬರುವುದಿಲ್ಲ.

ಹೊಣೆ ಹೊರುವ ವಾಕ್ಯಕ್ಕೆ ಕನ್ನಡದಲ್ಲಿ ಇನ್ನೊಂದು ಒಳ್ಳೆಯ ಕಟ್ಟು ಇದೆ: ‘ಆ ಬಾಟಲಿ ಆರಿಸಿದ್ದು ನಾನು’. ‘ನಾನು’ ಕೊನೆಗೆ ಬಂದಾಗ ಬೆರಳು ತನ್ನತ್ತಲೇ ತಿರುಗುತ್ತದೆ. ತಪ್ಪು ಒಪ್ಪಿಕೊಳ್ಳಲು ಇದಕ್ಕಿಂತ ನೇರವಾದ ಮಾತಿಲ್ಲ. ಆದರೆ ಇದೇ ಕಟ್ಟನ್ನು ಸಾಧನೆಗೆ ಬಳಸಿದರೆ, ‘ಗಾಣದ ಎಣ್ಣೆಯನ್ನು ಮನೆಮನೆಗೆ ಮುಟ್ಟಿಸಿದ್ದು ನಾನು’ ಎಂದರೆ, ಎದೆ ತಟ್ಟಿಕೊಂಡಂತಾಗುತ್ತದೆ. ಒಂದು ಪೋಸ್ಟಿಗೆ ಒಂದೇ ಸಲ, ತಪ್ಪಿಗೆ ಮಾತ್ರ ಎಂದು ನಾನು ನಿಯಮ ಇಟ್ಟುಕೊಂಡಿದ್ದೇನೆ.

ಇನ್ನು ‘ನಮ್ಮ’ ಎಂಬುದು. ಇದನ್ನು ‘ನನ್ನ’ ಮಾಡುವ ಮುನ್ನ ಮನೆಮಾತನ್ನು ನೆನಪಿಸಿಕೊಳ್ಳಿ. ಒಬ್ಬರೇ ಮಾತಾಡುವಾಗಲೂ ನಾವು ‘ನಮ್ಮಪ್ಪ’, ‘ನಮ್ಮಮ್ಮ’, ‘ನಮ್ಮೂರು’, ‘ನಮ್ಮನೆ’ ಎಂದೇ ಅನ್ನುತ್ತೇವೆ. ಸ್ಥಾಪಕರ ಧ್ವನಿಯಲ್ಲಿ ಇವನ್ನು ಹಾಗೆಯೇ ಬಿಡಿ, ಇವು ಬ್ರ್ಯಾಂಡಿನ ‘ನಮ್ಮ’ ಅಲ್ಲ. ‘ನನ್ನ ಗ್ರಾಹಕರು’, ‘ನನ್ನ ಕೆಲಸಗಾರರು’ ಎಂದರೆ ಜನರನ್ನು ಸ್ವತ್ತಿನಂತೆ ಎಣಿಸಿದ ಹಾಗೆ ಕೇಳುತ್ತದೆ. ‘ನಮ್ಮಲ್ಲಿ ಕೊಳ್ಳುವವರು’, ‘ಜೊತೆಗೆ ಕೆಲಸ ಮಾಡುವವರು’ ಎನ್ನಿ. ‘ನನ್ನ ತೀರ್ಮಾನ’, ‘ನನ್ನ ತಪ್ಪು’, ‘ನನ್ನ ಲೆಕ್ಕ’ ಇಂಥವಕ್ಕೆ ಮಾತ್ರ ‘ನನ್ನ’ ಸಲ್ಲುತ್ತದೆ.

‘-ಲಾಗಿದೆ’ ಇರುವ ವಾಕ್ಯಗಳಿಗೆ ಮಾಡಿದವರನ್ನು ಹುಡುಕಿ ಹಾಕಿ. ‘ಪರಿಶೀಲನೆ ನಡೆಸಲಾಗಿದೆ’ ಎಂಬುದು ‘ಕಾರಣ ಹುಡುಕಲು ನಮಗೆ ನಾಲ್ಕು ದಿನ ಹಿಡಿಯಿತು’ ಎಂದಾಗುತ್ತದೆ. ‘ಅಗತ್ಯ ಕ್ರಮ ಕೈಗೊಳ್ಳಲಾಗಿದೆ’ ಎಂಬಲ್ಲಿ ಕ್ರಮ ಯಾವುದೆಂದು ಬರೆಯಿರಿ. ಯಾವುದೂ ಇಲ್ಲದಿದ್ದರೆ ವಾಕ್ಯವೂ ಇರಬಾರದು.

## ಹಂತ 6: ಗಾಂಭೀರ್ಯ ಎಲ್ಲಿ ಉಳಿಯುತ್ತದೆ

ಸ್ವಂತ ಧ್ವನಿ ಎಂದರೆ ಆಡುಮಾತು ಎಂದುಕೊಂಡು ‘ಮಾಡ್ತೀನಿ’, ‘ಹೇಳ್ಬೇಕಂದ್ರೆ’ ಎಂದು ಬರೆಯತೊಡಗುವವರಿದ್ದಾರೆ. ವಿಡಿಯೊದಲ್ಲಿ ಅದು ಸರಿ. ಬರಹದಲ್ಲಿ, ಅದೂ ಹಣ ಕೊಟ್ಟವರಿಗೆ ಉತ್ತರ ಹೇಳುವಾಗ, ಹಗುರವಾಗಿಬಿಡುತ್ತದೆ. ನಾನು ಪಾಲಿಸುವ ಹದ ಇದು: ಕ್ರಿಯಾಪದಗಳು ಬರಹದ ರೂಪದಲ್ಲೇ ಇರಲಿ, ಉಳಿದ ಪದಗಳು ಮನೆಯವಾಗಲಿ. ‘ಮಾಡುತ್ತೇನೆ’ ಇರಲಿ, ಆದರೆ ‘ಸೋರಿಕೆ ಉಂಟಾಗಿರುವುದು’ ಹೋಗಿ ‘ಸೋರಿತು’ ಬರಲಿ. ‘ರವಾನಿಸಲಾದ’ ಹೋಗಿ ‘ಕಳಿಸಿದ’ ಬರಲಿ. ‘ಅನಾನುಕೂಲಕ್ಕೆ ವಿಷಾದಿಸುತ್ತೇವೆ’ ಎಂಬುದರಲ್ಲಿ ಕ್ಷಮೆಯೇ ಇಲ್ಲ, ಬರೀ ಬೇಸರ ಇದೆ. ಕ್ಷಮೆ ಕೇಳುವುದಾದರೆ ಯಾವುದಕ್ಕೆ ಎಂದು ಹೇಳಿ ಕೇಳಬೇಕು.

ಓದುಗರನ್ನು ‘ಗ್ರಾಹಕರು’ ಎಂದು ದೂರದಿಂದ ಕರೆಯುವ ಬದಲು ‘ನೀವು’ ಎನ್ನಿ. ‘ಮಾನ್ಯ ಗ್ರಾಹಕರೇ’ ಬಿಡಬಹುದು. ಅದರ ಬದಲು ‘ಹಾಯ್ ಫ್ರೆಂಡ್ಸ್’ ಬೇಡ. ಸಂಬೋಧನೆಯೇ ಇಲ್ಲದೆ ವಿಷಯಕ್ಕೆ ಬಂದರೆ ಯಾರಿಗೂ ಅಗೌರವವಾಗುವುದಿಲ್ಲ.

ಭಾವನೆಯ ಮಾತು ಎಷ್ಟಿರಬೇಕು? ಒಂದು ವಾಕ್ಯ, ಅದೂ ಕೊನೆಗೆ. ‘ಆ ರಾತ್ರಿ ನಿದ್ದೆ ಬರಲಿಲ್ಲ’, ‘ಕಣ್ಣೀರು ಬಂತು’ ಎಂದೆಲ್ಲ ಶುರುವಾದರೆ ಸಂಕಟ ಯಾರದ್ದು ಎಂಬುದೇ ತಲೆಕೆಳಗಾಗುತ್ತದೆ. ಎಣ್ಣೆ ಒರೆಸಿದವರು ಓದುಗರು.

## ಹಂತ 7: ತಿದ್ದಿದ ಪೋಸ್ಟ್

> ಏಪ್ರಿಲ್ ಎರಡನೇ ವಾರ ಒಂದೇ ದಿನ ಒಂಬತ್ತು ಮಂದಿ ಎಣ್ಣೆಯಲ್ಲಿ ನೆಂದ ರಟ್ಟಿನ ಪೆಟ್ಟಿಗೆಯ ಫೋಟೊ ಕಳಿಸಿದರು. ಎಲ್ಲವೂ ಮಾರ್ಚ್ ಕೊನೆಯಲ್ಲಿ ತುಂಬಿದ 1 ಲೀಟರ್ ಬಾಟಲಿಗಳು.
>
> ಕಾರಣ ಹುಡುಕಲು ನಮಗೆ ನಾಲ್ಕು ದಿನ ಹಿಡಿಯಿತು. ಬೆಳಗಿನ ತಂಪಿನಲ್ಲಿ ಕತ್ತಿನವರೆಗೆ ತುಂಬಿದ ಎಣ್ಣೆ, ಲಾರಿಯೊಳಗೆ ಕಾದು ಹಿಗ್ಗಿ ಸೀಲನ್ನು ಎಬ್ಬಿಸಿತ್ತು. ಇದು ಪ್ಯಾಕ್ ಮಾಡಿದವರ ತಪ್ಪಲ್ಲ. ಆ ಬಾಟಲಿ ಆರಿಸಿದ್ದು ನಾನು. ಡಿಸೆಂಬರ್‌ನಲ್ಲಿ ಪರೀಕ್ಷಿಸಿ, ಅಷ್ಟೇ ಸಾಕು ಅಂದುಕೊಂಡಿದ್ದೆ.
>
> ಈಗ ಕತ್ತು ಎತ್ತರವಿರುವ ಬಾಟಲಿಗೆ ಬದಲಾಯಿಸಿದ್ದೇನೆ. ಎಣ್ಣೆ ಮೊದಲಿನಂತೆಯೇ 1 ಲೀಟರ್, ಮೇಲೆ ಹಿಗ್ಗಲು ಜಾಗ ಇದೆ. ಪ್ರತಿ ದಿನ ತುಂಬಿದ್ದರಲ್ಲಿ ಆರು ಬಾಟಲಿಗಳನ್ನು ಪ್ಯಾಕಿಂಗ್ ತಂಡ ಬಿಸಿ ಕೋಣೆಯಲ್ಲಿ ಒಂದು ರಾತ್ರಿ ಅಡ್ಡ ಮಲಗಿಸಿಟ್ಟು, ಸೋರದಿದ್ದರೆ ಮಾತ್ರ ಉಳಿದವನ್ನು ಕಳಿಸುತ್ತಿದೆ. ಹಳೆಯ ಬಾಟಲಿಗಳು ಕೆಲವು ಅಂಗಡಿಗಳಲ್ಲಿ ಇನ್ನೂ ಇವೆ, ಅವನ್ನು ವಾಪಸ್ ತರಿಸುತ್ತಿದ್ದೇವೆ.
>
> ನಿಮಗೆ ಸೋರಿದ ಬಾಟಲಿ ಬಂದಿದ್ದರೆ, ಬದಲಿ ಬಾಟಲಿ ಅಥವಾ ಪೂರ್ತಿ ಹಣ, ನೀವು ಕೇಳಿದ್ದನ್ನು ಕಂಪನಿ ಕೊಡುತ್ತದೆ. ಆರ್ಡರ್ ಸಂಖ್ಯೆ ಮತ್ತು ಒಂದು ಫೋಟೊವನ್ನು ಗ್ರಾಹಕ ಸೇವೆಯ ನಂಬರಿಗೆ ಕಳಿಸಿದರೆ ಸಾಕು. ಬಾಟಲಿ ವಾಪಸ್ ಕಳಿಸಬೇಕಿಲ್ಲ.
>
> ಎಣ್ಣೆ ಒರೆಸುವ ಕೆಲಸ ನಿಮ್ಮ ಮೇಲೆ ಬಿತ್ತು. ಅದಕ್ಕೆ ಕ್ಷಮೆ ಕೇಳುತ್ತೇನೆ.

ಇಡೀ ಪೋಸ್ಟಿನಲ್ಲಿ ‘ನಾನು’ ಎಂಬ ಪದ ಒಂದೇ ಸಲ ಬಂದಿದೆ. ಮೂರು ಕ್ರಿಯಾಪದಗಳ ಬಾಲದಲ್ಲಿ ಅದು ಅಡಗಿದೆ. ಹಸಿರು ‘ನಾವು’ ಎರಡು ಕಡೆ ಉಳಿದಿದೆ, ನೀಲಿಯದು ಒಂದು ಕಡೆ ‘ಕಂಪನಿ’ ಆಗಿದೆ, ಹಳದಿ ಹೋಗಿದೆ. ಆದರೂ ಇದು ಒಬ್ಬ ವ್ಯಕ್ತಿಯ ಮಾತು ಎಂಬುದರಲ್ಲಿ ಯಾರಿಗೂ ಅನುಮಾನ ಬಾರದು. ಹೊಸ ಪೋಸ್ಟ್ ಮೂಲದ ಸುಮಾರು ಮೂರು ಪಟ್ಟು ಉದ್ದವಾಗಿದೆ, ಅದಕ್ಕೆ ಹೆದರಬೇಡಿ. ಮೂಲದಲ್ಲಿ ಇರಬೇಕಿದ್ದು ಇಲ್ಲದ ವಿವರಗಳೇ ಆ ಉದ್ದ.

## ಹಂತ 8: ಹಾಕುವ ಮುನ್ನ

ಮೊದಲು ಸ್ಥಾಪಕರೇ ಗಟ್ಟಿಯಾಗಿ ಓದಲಿ, ನೀವು ಕೇಳಿಸಿಕೊಳ್ಳಿ. ಅವರು ಎಲ್ಲಿ ತಡವರಿಸುತ್ತಾರೋ ಆ ವಾಕ್ಯ ನಿಮ್ಮದು, ಅವರದ್ದಲ್ಲ. ಅದನ್ನು ಅವರ ಬಾಯಿಗೆ ಬರುವಂತೆ ತಿದ್ದಿ. ನಂತರ ಹಸಿರು ವಾಕ್ಯಗಳಲ್ಲಿ ಬರುವವರಿಗೆ ಪೋಸ್ಟ್ ತೋರಿಸಿ. ನಮ್ಮ ಉದಾಹರಣೆಯಲ್ಲಿ ಪ್ಯಾಕಿಂಗ್ ತಂಡದ ಒಬ್ಬರು ಓದಿ ‘ಹೌದು, ಹೀಗೆಯೇ ಆದದ್ದು’ ಎನ್ನಬೇಕು. ನೀಲಿ ವಾಕ್ಯಗಳನ್ನು ಲೆಕ್ಕ ನೋಡುವವರಿಗೋ ವಕೀಲರಿಗೋ ತೋರಿಸಿ.

ಕೊನೆಗೆ ಒಂದು ಅಪಾಯವನ್ನು ಬಿಡಿಸಿಯೇ ಹೇಳಬೇಕು, ಆಹಾರದ ವ್ಯಾಪಾರದಲ್ಲಿರುವವರಿಗೆ ಇದು ಬಹಳ ಮುಖ್ಯ. ‘ನಾನು’ ಬಂದ ಕೂಡಲೇ ಸ್ವಂತ ಅನುಭವ ಹೇಳುವ ಆಸೆ ಹುಟ್ಟುತ್ತದೆ. ‘ಈ ಎಣ್ಣೆ ಬಳಸಿದ ಮೇಲೆ ನಮ್ಮಮ್ಮನ ಮಂಡಿನೋವು ಹೋಯಿತು’, ‘ನನ್ನ ಕೊಲೆಸ್ಟರಾಲ್ ಇಳಿಯಿತು’. ಕಂಪನಿಯ ಪುಟದಲ್ಲಿ ಇಂಥದ್ದನ್ನು ಬರೆಯಲು ಎಲ್ಲರೂ ಹಿಂಜರಿಯುತ್ತಾರೆ, ಸ್ವಂತ ಖಾತೆಯಲ್ಲಿ ಸಲೀಸಾಗಿ ಬರೆದುಬಿಡುತ್ತಾರೆ. ಆದರೆ ತನ್ನದೇ ಸರಕಿನ ಬಗ್ಗೆ ಮಾರುವವರೇ ಹೇಳಿದ್ದು ಜಾಹೀರಾತಾಗಿಯೇ ಎಣಿಕೆಯಾಗಬಹುದು. ಆಹಾರದ ಜಾಹೀರಾತು ಮತ್ತು ಹೇಳಿಕೆಗಳ ಬಗ್ಗೆ ಆಹಾರ ಸುರಕ್ಷತೆಯ ಕೇಂದ್ರ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2018ರಲ್ಲಿ ತಂದ ನಿಯಮಗಳ ಪ್ರಕಾರ, ವಿಶೇಷ ಅನುಮತಿ ಇಲ್ಲದೆ ಒಂದು ಆಹಾರ ರೋಗ ತಡೆಯುತ್ತದೆ ಅಥವಾ ಗುಣಪಡಿಸುತ್ತದೆ ಎಂದು ಹೇಳುವಂತಿಲ್ಲ. ದಾರಿ ತಪ್ಪಿಸುವ ಜಾಹೀರಾತಿಗೆ 2006ರ ಆಹಾರ ಸುರಕ್ಷತಾ ಕಾಯ್ದೆಯ 53ನೇ ಕಲಮಿನಡಿ 10 ಲಕ್ಷ ರೂಪಾಯಿಯವರೆಗೆ ದಂಡ ಬೀಳಬಹುದು. ವಾಕ್ಯ ಅಮ್ಮನ ಕಥೆಯ ರೂಪದಲ್ಲಿದೆ ಎಂಬ ಕಾರಣಕ್ಕೆ ವಿನಾಯಿತಿ ಸಿಗುತ್ತದೆ ಎಂದು ನಂಬಿಕೊಳ್ಳಬೇಡಿ.

ಪೋಸ್ಟ್ ಹಾಕಿದ ಮೇಲೆ ಬರುವ ಮೊದಲ ಹತ್ತು ಪ್ರತಿಕ್ರಿಯೆಗಳಿಗೆ ಸ್ಥಾಪಕರೇ ಉತ್ತರಿಸಬೇಕು. ಮೇಲೆ ‘ಆರಿಸಿದ್ದು ನಾನು’ ಎಂದು ಬರೆದು, ಕೆಳಗೆ ‘ನಿಮ್ಮ ದೂರನ್ನು ಸಂಬಂಧಪಟ್ಟ ವಿಭಾಗಕ್ಕೆ ರವಾನಿಸಲಾಗಿದೆ’ ಎಂದು ಯಾರೋ ಉತ್ತರಿಸಿದರೆ ಪೋಸ್ಟ್ ಅಲ್ಲಿಗೇ ಬಿದ್ದುಹೋಯಿತು. ಆದ್ದರಿಂದ ಸಮಯ ಆರಿಸುವಾಗ ಸ್ಥಾಪಕರ ದಿನಚರಿ ಕೇಳಿಕೊಳ್ಳಿ. ಪೋಸ್ಟ್ ಹಾಕಿದ ನಂತರ ಅವರು ಎರಡು ಗಂಟೆ ಫೋನ್ ಕೈಯಲ್ಲಿಟ್ಟುಕೊಂಡು ಕೂರಲು ಆಗುವ ಹೊತ್ತು ಯಾವುದೋ ಆಗಲೇ ಹಾಕಿ.